ಬೆನ್ನು ತಿರುಗಿಸಿದ ಬ್ರಾಕೆಟ್

ನಮ್ಮ ಅತ್ತಿಗೆ ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷ ಅಟೆಂಡರ್ ಆಗಿದ್ದವರು. ಗಾಜಿನ ನಳಿಗೆ ತೊಳೆಯುವುದು, ಬಾಟಲಿಗಳಿಗೆ ಚೀಟಿ ಅಂಟಿಸುವುದು ಅವರ ಕೆಲಸ. ಲ್ಯಾಬ್ ಸಹಾಯಕಿಯ ಹುದ್ದೆ ಖಾಲಿಯಾದಾಗ ಪ್ರಿನ್ಸಿಪಾಲರು ಕರೆದು, "ಕೆಲಸವೆಲ್ಲ ನಿಮಗೇ ಗೊತ್ತು. ಬಾಕಿ ಇರೋ ಪಿಯುಸಿ ಗಣಿತ ಒಂದು ಪಾಸ್ ಮಾಡ್ಕೊಳ್ಳಿ. ಈ ಪರೀಕ್ಷೆವರೆಗೆ ಕಾಯ್ತೀನಿ, ಆಮೇಲೆ ಬೇರೆಯವರನ್ನ ತಗೋಬೇಕಾಗತ್ತೆ" ಎಂದರು. ಓದು ಬಿಟ್ಟು ಇಪ್ಪತ್ತನಾಲ್ಕು ವರ್ಷವಾಗಿದ್ದ ಅತ್ತಿಗೆ ಆ ಸಂಜೆಯೇ ನೋಟ್ ಪುಸ್ತಕ ಹಿಡಿದು ನನ್ನ ಮುಂದೆ ಕೂತರು.

ನಾನು ಗಣಿತದ ಟ್ಯೂಷನ್ ಮೇಷ್ಟ್ರು. ಜಂಬ ಸ್ವಲ್ಪ ಜಾಸ್ತಿ, ಅದನ್ನು ಒಪ್ಪಿಕೊಳ್ಳುವಷ್ಟು ಬುದ್ಧಿಯೂ ಇದೆ.

ಅಂತರಗಳ ಪಾಠ, ಅಂದರೆ ಎರಡು ಸಂಖ್ಯೆಗಳ ನಡುವಿನದನ್ನೆಲ್ಲ ಒಟ್ಟಿಗೆ ಬರೆಯುವ ಪಾಠ, ಬಂದಾಗ ಹೇಳಿದೆ: x ಎರಡಕ್ಕಿಂತ ದೊಡ್ಡದು, ಐದಕ್ಕಿಂತ ಚಿಕ್ಕದು, ಅಂದರೆ 2 < x < 5 ಇದ್ದರೆ (2, 5) ಎಂದು ಬರೆಯಬೇಕು. ಗುಂಡು ಬ್ರಾಕೆಟ್ ಹಾಕಿದರೆ ತುದಿಯ ಸಂಖ್ಯೆ ಸೇರುವುದಿಲ್ಲ. ≤, ಅಂದರೆ ‘ಚಿಕ್ಕದು ಅಥವಾ ಸಮ’ ಇರುವ ಕಡೆ ಚೌಕ ಬ್ರಾಕೆಟ್. ಆಗ ತುದಿಯೂ ಸೇರುತ್ತದೆ.

ಅತ್ತಿಗೆ ಪೆನ್ನು ಕೆಳಗಿಟ್ಟರು. "ಮೊನ್ನೆ ನೀನೇ ಗ್ರಾಫ್ ಹಾಳೆ ಮೇಲೆ (2, 5) ಅಂದ್ರೆ ಒಂದು ಚುಕ್ಕೆ ಅಂದಿದ್ದೆ. ಇವತ್ತು ನಡುವಿನ ಸಂಖ್ಯೆಗಳೆಲ್ಲ ಅಂತೀಯ. ಯಾವುದನ್ನ ನಂಬಲಿ?"

ಪ್ರಶ್ನೆ ಸರಿಯಾಗಿಯೇ ಇತ್ತು. ನನ್ನ ಜಂಬ ಜಾಗೃತವಾಯಿತು. "ಇನ್ನೊಂದು ರೀತಿ ಇದೆ ಅತ್ತಿಗೆ. ಚೌಕ ಬ್ರಾಕೆಟ್ಟನ್ನೇ ಬೆನ್ನು ತಿರುಗಿಸಿ ಬರೀರಿ: ]2, 5[. ತುದಿ ಸೇರಿಲ್ಲ ಅಂತಲೇ ಅರ್ಥ, ಚುಕ್ಕೆ ಜೊತೆ ಗೊಂದಲ ಇಲ್ಲ." ಇಡೀ ಊರಿನಲ್ಲಿ ಹಾಗೆ ಬರೆಯುವವನು ನಾನೊಬ್ಬನೇ ಎಂಬುದನ್ನು ಮಾತ್ರ ಹೇಳಲಿಲ್ಲ.

ಫಲಿತಾಂಶ ಬಂತು. ಪಾಸಾಗಲು ಮೂವತ್ತೈದು ಬೇಕು, ಅತ್ತಿಗೆಗೆ ಬಂದದ್ದು ಮೂವತ್ತಮೂರು. ಉತ್ತರಪತ್ರಿಕೆಯ ಪ್ರತಿ ತರಿಸಿ ನೋಡಿದರೆ, −3 < x ≤ 4 ಎಂಬುದನ್ನು ಅಂತರವಾಗಿ ಬರೆಯುವ ಎರಡು ಅಂಕದ ಪ್ರಶ್ನೆಗೆ ಅತ್ತಿಗೆ ]−3, 4] ಎಂದು ಬರೆದಿದ್ದರು. ಅದರ ಮೇಲೆ ಕೆಂಪು ಗೀಟು ಎಳೆದು ಸೊನ್ನೆ ಹಾಕಿದ್ದರು. ತಪ್ಪು ಅವರದಲ್ಲ, ನನ್ನದು.

ಮರುದಿನ ಇಬ್ಬರೂ ಪರೀಕ್ಷಾ ಕಚೇರಿಗೆ ಹೋದೆವು. ಮೇಜಿನ ಹಿಂದಿದ್ದ ಮೌಲ್ಯಮಾಪಕಿ ಮೂಲ ಪತ್ರಿಕೆ ತೆಗೆಸಿ, "ಈ ಮೊದಲನೇ ಬ್ರಾಕೆಟ್ ಉಲ್ಟಾ ಆಗಿದೆಯಲ್ಲಮ್ಮ" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ಒಂದು ಹಾಳೆ ಕೇಳಿ ಪಡೆದು ಸಂಖ್ಯಾರೇಖೆ ಎಳೆದರು. −3ರ ಮೇಲೆ ಖಾಲಿ ಸೊನ್ನೆ, 4ರ ಮೇಲೆ ತುಂಬಿದ ಚುಕ್ಕೆ, ನಡುವೆ ದಪ್ಪ ಗೆರೆ.

"ಮೇಡಂ, −3 ಸೇರಲ್ಲ, 4 ಸೇರತ್ತೆ. ನೀವು ಗುಂಡಗೆ ಬರೀತೀರ, ನಮ್ಮನೇಲಿ ಬೆನ್ನು ತಿರುಗಿಸಿ ಬರೀತಾರೆ. ಅರ್ಥ ಒಂದೇ."

ಮೌಲ್ಯಮಾಪಕಿ ಕಪಾಟಿನಿಂದ ಒಂದು ದಪ್ಪ ಪುಸ್ತಕ ತೆಗೆದು ಹುಡುಕಿದರು, ನಕ್ಕರು. "ಸರಿ ಇದೆ. ಎರಡು ಅಂಕ." ಮೂವತ್ತೈದು. ನಾನು ಮನಸ್ಸಿನಲ್ಲೇ ಕುಣಿದೆ.

ಅವರು ಸಹಿ ಹಾಕಲು ಪುಟ ಮಗುಚಿದಾಗ ಅತ್ತಿಗೆ ಬೆರಳಿಟ್ಟರು. "ಇಲ್ಲಿ x ≥ 7ಕ್ಕೆ [7, ∞] ಅಂತ ಬರೆದುಬಿಟ್ಟಿದೀನಿ. ಇದಕ್ಕೆ ಒಂದು ಅಂಕ ಕೊಟ್ಟಿದೀರ. ತಪ್ಪು ಅಲ್ವಾ ಮೇಡಂ? ಅನಂತ ಅನ್ನೋದು ಸಂಖ್ಯೆ ಅಲ್ಲ, ಆ ತುದೀನ ಸೇರಿಸ್ಕೊಳ್ಳೋಕೆ ಆಗಲ್ಲ. ಅಲ್ಲಿ ಬ್ರಾಕೆಟ್ ಮುಚ್ಚಬಾರದು, ಗುಂಡಗೋ ಬೆನ್ನು ತಿರುಗಿಸಿಯೋ ಬರೀಬೇಕು."

ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ. ಅವರು ಕಾಲು ಪಕ್ಕಕ್ಕೆ ಎಳೆದುಕೊಂಡರು. ಮೌಲ್ಯಮಾಪಕಿ ಆ ಸಾಲನ್ನು ಮತ್ತೊಮ್ಮೆ ಓದಿ, ಮೆಲ್ಲಗೆ ಒಂದು ಅಂಕ ಹೊಡೆದು ಹಾಕಿದರು. ಮೂವತ್ತನಾಲ್ಕು.

ಮೆಟ್ಟಿಲ ಮೇಲೆ ನನಗೆ ತಡೆಯಲಾಗಲಿಲ್ಲ. "ಕೈಗೆ ಬಂದದ್ದನ್ನ ಒದ್ದುಬಿಟ್ರಲ್ಲ ಅತ್ತಿಗೆ. ಹುದ್ದೆ ಹೋಯ್ತು. ಯಾರು ಕೇಳಿದ್ರು ನಿಮ್ಮನ್ನ?"

"ನನಗೂ ಹೊಟ್ಟೆ ಉರೀತಿದೆ ಕಣೋ" ಎಂದರು ಅತ್ತಿಗೆ. ಕಣ್ಣು ತುಂಬಿತ್ತು. "ಆದ್ರೆ ಲ್ಯಾಬಲ್ಲಿ ಆಸಿಡ್ ಹತ್ತು ಎಂಎಲ್ ಒಳಗೆ ಅಂತಿದ್ದ ಕಡೆ ನಾನು ಪೂರ್ತಿ ಹತ್ತು ಹಾಕಿ, ಯಾರೂ ನೋಡಿಲ್ಲ ಅಂತ ಸುಮ್ಮನಿದ್ರೆ? ಮಕ್ಕಳು ಕೈ ಸುಟ್ಕೋತಾರೆ."

ಹದಿನೈದು ವರ್ಷದಿಂದ ಪಾಠ ಹೇಳುತ್ತಿದ್ದೇನೆ, ಇಂಥ ವಿದ್ಯಾರ್ಥಿ ನನಗೆ ಸಿಕ್ಕಿರಲಿಲ್ಲ. ಅವರ ಮೇಲೆ ಸಿಟ್ಟು, ಪ್ರೀತಿ ಎರಡೂ ಒಟ್ಟಿಗೇ ಉಕ್ಕಿದವು.

ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಮೆಟ್ಟಿಲು ಹತ್ತತೊಡಗಿದರು.

"ಎಲ್ಲಿಗೆ?"

"ಮುಂದಿನ ಪರೀಕ್ಷೆ ಅರ್ಜಿ ತಗೊಂಡು ಬರ್ತೀನಿ."

"ಹುದ್ದೇನೇ ಇಲ್ಲ, ಇನ್ಯಾಕೆ?"

"ಅನಂತದ ಪಕ್ಕ ಯಾಕೆ ಮುಚ್ಚಬಾರದು ಅಂತ ನನಗೆ ಅರ್ಥ ಆಗಿದೆಯಲ್ಲ" ಎಂದರು ತಿರುಗಿ ನೋಡದೆ. "ಮಿಕ್ಕಿದ್ದೂ ಅರ್ಥ ಆಗಬೇಕು."