ಹದಿನಾಲ್ಕು ಸ್ಲೈಡು ಹೊಲಿದ ಸೂಜಿಯಮ್ಮ

ಆ ಆಸ್ಪತ್ರೆಯಲ್ಲಿ ಆಕೆಯ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಬಳಕೆಯಲ್ಲಿತ್ತು. ಉಳಿದ ಕಡೆಯೆಲ್ಲ ಸೂಜಿಯಮ್ಮ. ಬೇರೆಯವರು ಹರಿದು ಬಿಸಾಡಿದ್ದನ್ನು ಹೊಲಿದು ಕೊಡುತ್ತಾಳೆಂದು ಕೆಲವರು ಹಾಗೆ ಕರೆದರೆ, ಮಾತಿನಲ್ಲಿ ಚುಚ್ಚುತ್ತಾಳೆಂದು ಇನ್ನು ಕೆಲವರು. ಎರಡೂ ಸರಿಯೇ. ಟೈಪಿಸ್ಟಾಗಿ ಸೇರಿ ಇಪ್ಪತ್ತಾರು ವರ್ಷವಾಗಿತ್ತು. ಟೈಪ್‌ರೈಟರು ಗುಜರಿಗೆ ಹೋಯಿತು, ಸೂಜಿಯಮ್ಮ ಯೋಜನಾ ಕಚೇರಿಗೆ ಹೋದಳು.

ಒಂದು ಗುರುವಾರ ಉಪ ಅಧೀಕ್ಷಕರು ಕರೆಸಿದರು. ಹೊರರೋಗಿ ವಿಭಾಗದ ಉದ್ದನೆಯ ಸಾಲುಗಳನ್ನು ಕರಗಿಸುವ ಯೋಜನೆಯೊಂದು ಮಂಜೂರಾಗಿತ್ತು. ಸೋಮವಾರ ಹನ್ನೊಂದಕ್ಕೆ ನಿರ್ದೇಶಕಿಯವರ ಎದುರು ಅದರ ಆರಂಭದ ಸಭೆ.

"ಎಲ್ಲರೂ ಪಾಯಿಂಟ್ಸ್ ಕಳಿಸ್ತಾರಮ್ಮ. ನೀವು ಸುಮ್ನೆ ಒಂದು ಕಡೆ ಹಾಕಿ ಸ್ಲೈಡ್ ಮಾಡಿಬಿಡಿ, ಅಷ್ಟೇ."

ಅವಳ ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅತಿ ಹೆಚ್ಚು ಕೆಲಸ ಕೊಟ್ಟ ಪದಗಳೆಂದರೆ 'ಸುಮ್ನೆ' ಮತ್ತು 'ಅಷ್ಟೇ'.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಪಾಯಿಂಟ್ಸ್ ಬಂದವು. ಉಪ ಅಧೀಕ್ಷಕರದು ಒಂದೂವರೆ ಸಾಲು: 'ರೋಗಿಯೇ ಕೇಂದ್ರ. ಇವತ್ತಿಂದ ಮೂರನೇ ತಿಂಗಳ ಒಂದನೇ ತಾರೀಕು ಉದ್ಘಾಟನೆ.' ಔಷಧ ವಿಭಾಗದ ಮುಖ್ಯಸ್ಥ ನಲವತ್ತೆರಡು ಕಾಲಮ್ಮಿನ ಕೋಷ್ಟಕ ಕಳಿಸಿದ್ದ, ತಲೆಬರಹವಿದ್ದದ್ದು ಒಂಬತ್ತಕ್ಕೆ. ಹಿರಿಯ ನರ್ಸು ಯಾವುದೋ ಹಳೇ ಚಾರ್ಟಿನ ಬೆನ್ನಿಗೆ ಬರೆದು, ಅದರ ಫೋಟೋವನ್ನು ತನ್ನ ಹೆಬ್ಬೆರಳಿನ ಸಮೇತ ತೆಗೆದು ಕಳಿಸಿದ್ದರು. ಕಂಪ್ಯೂಟರ್ ವಿಭಾಗದವನದು ಧಾರಾಳ ಮನಸ್ಸು. ಹಿಂದೆ ಯಾವುದೋ ಹೋಟೆಲಿಗೆ ಮಾಡಿದ್ದ ನಲವತ್ತು ಸ್ಲೈಡುಗಳನ್ನೇ 'ಅತಿಥಿ' ಇದ್ದಲ್ಲೆಲ್ಲ 'ರೋಗಿ' ಎಂದು ಬದಲಾಯಿಸಿ ದಾನ ಮಾಡಿದ್ದ. ಹಾಗಾಗಿ ಹನ್ನೆರಡನೇ ಸ್ಲೈಡು, ಹೊರಡುವ ಪ್ರತಿ ರೋಗಿಗೂ ಮತ್ತೆ ಮತ್ತೆ ಬರುವಂತೆ ಪ್ರೀತಿಯ ಆಹ್ವಾನ ನೀಡುತ್ತಿತ್ತು. ಕಟ್ಟಡದ ಎಂಜಿನಿಯರು ಬರೆಯುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಅವರದು ಆರು ಧ್ವನಿ ಸಂದೇಶ.

ಸೂಜಿಯಮ್ಮ ಸ್ಲೈಡಿನ ಗೋಜಿಗೇ ಹೋಗಲಿಲ್ಲ. ಮೊದಲು ಎಲ್ಲರ ಮಾತನ್ನೂ ಬಿಡಿಸಿ, ಒಂದು ಸಾಲಿಗೆ ಒಂದೇ ವಿಷಯದಂತೆ ಪಟ್ಟಿ ಮಾಡಿದಳು. ಪಕ್ಕದಲ್ಲಿ ಹೇಳಿದವರು ಯಾರು, ಅದು ತೊಂದರೆಯೋ, ಪರಿಹಾರವೋ, ತಾರೀಕೋ, ಬರೀ ಆಸೆಯೋ ಎಂದು ಗುರುತು ಹಾಕಿದಳು. ಎಪ್ಪತ್ತಮೂರು ಸಾಲಾದವು. ಆಸೆಗಳದೇ ಬಹುಮತ.

ಅರ್ಥವಾಗದ ಕಡೆ ತಾನೇ ಊಹಿಸಿ ಬರೆಯುವ ಚಾಳಿ ಅವಳಿಗಿರಲಿಲ್ಲ. ಹಿರಿಯ ನರ್ಸಿಗೆ ಫೋನು ಮಾಡಿದಳು. "ಸಿಸ್ಟರ್, ನಾಲ್ಕು ಸಾಲು, ಮೂರು ಹೆಸರು ಅಂತ ಬರೆದಿದೀರ. ಹಾಗಂದ್ರೆ?"

"ಅಷ್ಟೂ ಗೊತ್ತಾಗಲ್ವಾ? ರೋಗಿ ನಾಲ್ಕು ಸಾಲಲ್ಲಿ ನಿಲ್ತಾನೆ, ಮೂರು ಕಡೆ ಹೆಸರು, ವಯಸ್ಸು ಹೇಳ್ತಾನೆ. ಅದಕ್ಕೇ ಇನ್ನಿಬ್ರು ನರ್ಸ್ ಬೇಕು ಅಂತ ಬರೆದಿದ್ದು."

"ಇಬ್ರು ನರ್ಸ್ ಅಂತ ಎಲ್ಲೂ ಇಲ್ಲವಲ್ಲ."

"ಇದೆ ಕಣ್ರೀ. ಹೆಬ್ಬೆರಳ ಕೆಳಗಿರಬೇಕು."

ಹೀಗೆ ಐವರಿಗೂ ಫೋನು ಮಾಡಿ ಮುಗಿಸುವಷ್ಟರಲ್ಲಿ ಒಂದು ಸಂಗತಿ ಖಚಿತವಾಯಿತು. ಉಪ ಅಧೀಕ್ಷಕರಿಗೆ ಯೋಜನೆಯೆಂದರೆ ರಿಬ್ಬನ್ನು, ನರ್ಸಿಗೆ ಇಬ್ಬರು ನರ್ಸುಗಳು, ಔಷಧದವನಿಗೆ ಹೊಸ ಕಪಾಟು, ಕಂಪ್ಯೂಟರಿನವನಿಗೆ ಟೋಕನ್ ಯಂತ್ರ, ಎಂಜಿನಿಯರಿಗೆ ನೋಂದಣಿ ಕೋಣೆಯ ಗೋಡೆ ಒಡೆಯುವುದು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಅನ್ನುತ್ತಾರೆ. ಇಲ್ಲಿ ಊರೇ ಇರಲಿಲ್ಲ, ಐವರೂ ಪೋರರೇ.

ಸಂಜೆ ಮನೆಗೆ ಬಂದವಳೇ ಸ್ಲೈಡುಗಳ ತಲೆಬರಹಗಳನ್ನಷ್ಟೇ ಒಂದರ ಕೆಳಗೊಂದು ಬರೆದಳು. ತಲೆಬರಹ ಓದಿದರೇ ಕತೆ ತಿಳಿಯಬೇಕೆಂಬುದು ಅವಳ ಲೆಕ್ಕ. ಬಟಾಣಿ ಸುಲಿಯುತ್ತ ಕೂತಿದ್ದ ಅತ್ತೆಗೆ ಓದಿ ಹೇಳಿದಳು. ಅತ್ತೆ ಮಂಡಿನೋವಿಗೆ ತಿಂಗಳಿಗೊಮ್ಮೆ ಅದೇ ಆಸ್ಪತ್ರೆಗೆ ಹೋಗುವವರು.

"ಯಂತ್ರ ಬಂತು, ಗೋಡೆ ಬಂತು, ಕಪಾಟೂ ಬಂತು," ಎಂದರು ಅತ್ತೆ. "ನಾನು ಯಾವಾಗ ಬರ್ತೀನಿ?"

"ನೀವು ಮೊದಲನೇದರಲ್ಲೇ ಇದೀರಲ್ಲ ಅತ್ತೆ. ರೋಗಿಯೇ ಕೇಂದ್ರ."

"ಕೇಂದ್ರದಲ್ಲಿ ಕೂರಕ್ಕೆ ಕುರ್ಚಿ ಹಾಕಿದಾರಾ? ಗೇಟಿಂದ ಒಳಗೆ ಬಂದ್ಮೇಲೆ ಎಲ್ಲಿಗೆ ಹೋಗ್ಬೇಕು, ಅದು ಹೇಳು ಮೊದಲು. ಪ್ರತಿ ಸಲ ಔಷಧಿ ಸಾಲಲ್ಲಿ ನಿಂತ ಮೇಲೆ ಹೇಳ್ತಾರೆ, ಚೀಟಿಗೆ ಮುದ್ರೆ ಬಿದ್ದಿಲ್ಲ ಅಂತ."

ಸೂಜಿಯಮ್ಮನಿಗೆ ಮುಖಕ್ಕೆ ನೀರೆರಚಿದಂತಾಯಿತು. ಸೊಸೆಯಾಗಿ ಸೋತದ್ದಕ್ಕೆ ಒಂದಿಷ್ಟು ಕಸಿವಿಸಿಯೂ ಆಯಿತು. ಆದರೂ ಬರೆದದ್ದನ್ನೆಲ್ಲ ಹೊಡೆದು ಹಾಕಿ, ಮಂಡಿನೋವಿನ ಹೆಂಗಸೊಬ್ಬಳು ಗೇಟಿನಿಂದ ಹೊರಟು ಮಾತ್ರೆ ಹಿಡಿದು ಮರಳುವವರೆಗಿನ ದಾರಿಯನ್ನೇ ಕತೆ ಮಾಡಿದಳು. ಈಗ ಎಲ್ಲಿ ತಡವಾಗುತ್ತದೆ, ಮುಂದೆ ಏನು ಬದಲಾಗುತ್ತದೆ, ಯಾರು ಮಾಡುತ್ತಾರೆ, ಯಾವಾಗ. ಎಪ್ಪತ್ತಮೂರು ಸಾಲಿನಲ್ಲಿ ಈ ದಾರಿಗೆ ಸಿಕ್ಕಿದ್ದು ಒಳಗೆ, ಸಿಗದ್ದು ಕೊನೆಯ ಅನುಬಂಧಕ್ಕೆ. ಹೋಟೆಲಿನ ಪ್ರೀತಿಯ ಆಹ್ವಾನ ಎಲ್ಲಿಗೂ ಇಲ್ಲ. ಎಲ್ಲ ಸೇರಿ ಹದಿನಾಲ್ಕು ಸ್ಲೈಡು.

ಶನಿವಾರ ಬೆಳಿಗ್ಗೆ ತಾರೀಕುಗಳನ್ನು ತಾಳೆ ನೋಡುವಾಗ ಎಂಜಿನಿಯರ ಸಂದೇಶಗಳನ್ನು ಮತ್ತೊಮ್ಮೆ ಕೇಳಿದಳು. ಐದನೆಯದರಲ್ಲಿ ಬಣ್ಣದ ಮಾದರಿ, ಲಿಫ್ಟಿನ ಸದ್ದು, ಬೀಗರ ಮನೆ ಮದುವೆ ಎಲ್ಲ ಮುಗಿದ ಮೇಲೆ, ನಾಲ್ಕನೇ ನಿಮಿಷಕ್ಕೆ, ಮೊದಲ ಸಲ ಕಿವಿ ತಪ್ಪಿಸಿಕೊಂಡಿದ್ದ ತಣ್ಣನೆಯ ಒಂದು ಮಾತು: "ಅಂದಹಾಗೆ, ಆ ಗೋಡೆಯೊಳಗೆ ವಾರ್ಡಿನ ಆಕ್ಸಿಜನ್ ಪೈಪ್ ಹೋಗುತ್ತೆ. ಅದನ್ನ ಬೇರೆ ಕಡೆ ತಿರುಗಿಸಕ್ಕೆ ಅನುಮತಿ ಎಲ್ಲ ಸೇರಿ ಐದು ತಿಂಗಳು ಬೇಕು."

ಉದ್ಘಾಟನೆ ಮೂರನೇ ತಿಂಗಳು. ಗೋಡೆ ಐದು ತಿಂಗಳು. ಎರಡನ್ನೂ ಬಲ್ಲವರು ಇಡೀ ಆಸ್ಪತ್ರೆಯಲ್ಲಿ ಆಗ ಸೂಜಿಯಮ್ಮ ಒಬ್ಬಳೇ.

ಅದನ್ನು ಏಳನೇ ಸ್ಲೈಡಿಗೆ ಹಾಕಿ, ಪ್ರತಿಯೊಬ್ಬರಿಗೂ ಅವರವರ ಭಾಗ ಕಳಿಸಿ, 'ತಪ್ಪಿದ್ದರೆ ಮೂರು ಗಂಟೆಯೊಳಗೆ ತಿಳಿಸಿ' ಎಂದು ಬರೆದಳು. ಎಂಜಿನಿಯರು 'ಸರಿಯಿದೆ' ಎಂದರು. ಉಪ ಅಧೀಕ್ಷಕರು ಮಾತ್ರ ಖುದ್ದಾಗಿ ಬಂದರು.

"ಶುಭ ಕೆಲಸಕ್ಕೆ ಮುಂಚೆ ಇದೇನಮ್ಮ ಅಪಶಕುನ? ಪೈಪನ್ನ ಅನುಬಂಧಕ್ಕೆ ಹಾಕಿ."

"ಹಾಕ್ಬಹುದು ಸರ್. ಸ್ಲೈಡು ಹೋಗುತ್ತೆ, ಪೈಪು ಗೋಡೆಯಲ್ಲೇ ಇರುತ್ತೆ."

"ನಿರ್ದೇಶಕಿ ಕೇಳಿದ್ರೆ ನಾನೇನು ಹೇಳ್ಲಿ?"

"ನೀವು ಹೇಳೋದೇ ಬೇಡ ಸರ್, ಅವರನ್ನೇ ಕೇಳಿಬಿಡಿ. ಗೋಡೆ ಬೇಕಾ, ತಾರೀಕು ಬೇಕಾ ಅಂತ."

ಪ್ರಶ್ನೆ ಕೇಳಿದರೆ ಉತ್ತರದ ಹೊಣೆ ಇನ್ನೊಬ್ಬರದು ಎಂಬ ತತ್ವ ಸಾಹೇಬರ ತಲೆಗೆ ಕೂಡಲೇ ಹೋಯಿತು. ಏಳನೇ ಸ್ಲೈಡಿನ ತಲೆಬರಹ 'ಇವತ್ತು ತೀರ್ಮಾನವಾಗಬೇಕಾದ್ದು' ಎಂದಾಯಿತು.

ಸೋಮವಾರದ ಸಭೆಯಲ್ಲಿ ಸೂಜಿಯಮ್ಮ ಕೊನೆಯ ಕುರ್ಚಿಯಲ್ಲಿ ಕೂತು ಸ್ಲೈಡು ಸರಿಸುವ ಘನಕಾರ್ಯದಲ್ಲಿದ್ದಳು. ಏಳನೆಯದಕ್ಕೆ ಬಂದಾಗ ನಿರ್ದೇಶಕಿ ಕೈ ತೋರಿಸಿ ನಿಲ್ಲಿಸಿದರು.

"ಗೋಡೆ ಒಡೆಯೋದು ಯಾಕೆ?"

ಎಲ್ಲರೂ ಎಂಜಿನಿಯರನ್ನು ನೋಡಿದರು. "ನೋಂದಣಿಗೆ ಜಾಗ ಬೇಕು ಅಂದ್ರಲ್ಲ ಮೇಡಂ," ಎಂದರು ಅವರು.

"ಜಾಗ ಬೇಕಾದ್ರೆ ಪಕ್ಕದ ಹಳೇ ದಾಖಲೆ ಕೋಣೆ ಖಾಲಿ ಇದೆಯಲ್ಲ," ಎಂದರು ಹಿರಿಯ ನರ್ಸು. "ನಾನು ಅದನ್ನೂ ಬರೆದಿದ್ದೆ."

ಅದೂ ಹೆಬ್ಬೆರಳ ಕೆಳಗಿತ್ತೇನೋ. ಸೂಜಿಯಮ್ಮ ತುಟಿ ಕಚ್ಚಿಕೊಂಡು ನಗು ತಡೆದಳು.

ಹತ್ತೇ ನಿಮಿಷದಲ್ಲಿ ಗೋಡೆ ಬದುಕಿತು, ನೋಂದಣಿ ದಾಖಲೆ ಕೋಣೆಗೆ ಹೋಯಿತು, ಮುದ್ರೆ ಒತ್ತುವ ಕೆಲಸ ವೈದ್ಯರ ಕೋಣೆಯ ಬಾಗಿಲಿಗೇ ಬಂತು. ಇಬ್ಬರು ನರ್ಸುಗಳ ಬೇಡಿಕೆಗೆ ಒಬ್ಬರು ಸಿಕ್ಕರು. ಹೊರಗೆ ಬರುತ್ತ ಐವರೂ ಬೇರೆ ಬೇರೆಯಾಗಿ ಹೇಳಿದ್ದು ಒಂದೇ ಮಾತು: "ನಾನು ಮೊದಲಿಂದ ಹೇಳ್ತಿದ್ದದ್ದೂ ಇದೇ." ಸೂಜಿಯಮ್ಮನಿಗೆ ಸಿಟ್ಟು ಬರಲಿಲ್ಲ. ಐದು ಜನ ಒಂದೇ ಕತೆಯನ್ನು ತಮ್ಮದೆಂದು ಕಿತ್ತಾಡುವುದಕ್ಕಿಂತ ದೊಡ್ಡ ಬಿರುದು ತನ್ನ ಕೆಲಸಕ್ಕಿಲ್ಲವೆಂದು ಅವಳಿಗೆ ಗೊತ್ತಿತ್ತು.

ಉಪ ಅಧೀಕ್ಷಕರು ನಿಂತು ಅವಳನ್ನು ಮನಸಾರೆ ಹೊಗಳಿದರು. "ಸ್ಲೈಡಿನ ಬಣ್ಣ ತುಂಬಾ ಚೆನ್ನಾಗಿತ್ತಮ್ಮ."

"ಥ್ಯಾಂಕ್ಸ್ ಸರ್," ಎಂದಳು ಸೂಜಿಯಮ್ಮ. ಎಪ್ಪತ್ತಮೂರು ಸಾಲಿನ ಪಟ್ಟಿಯನ್ನು ಕಡತಕ್ಕೆ ಸೇರಿಸಿ, ಊಟಕ್ಕೆ ಹೋದಳು.