ಶಾಲೆಯ ಹಿಂದಿನ ಜೌಗುನೆಲ

ಶೋಭಾ ತರಗತಿಯಲ್ಲಿ ಪಾಠಕ್ಕೆ ನಿಂತರೆ ಹಿಂದಿನ ಬೆಂಚಿನ ಮಕ್ಕಳೂ ಕಿವಿಗೊಡುತ್ತಿದ್ದರು. ಅದೇ ಶೋಭಾ ವೇದಿಕೆ ಎಂದರೆ ನಾಲ್ಕು ಹೆಜ್ಜೆ ಹಿಂದೆ. ಹೈದರಾಬಾದಿನ ಮಣಿಕೊಂಡದ ಅಂಚಿನ ಒಂದು ಖಾಸಗಿ ಶಾಲೆಗೆ ಜೀವಶಾಸ್ತ್ರದ ಶಿಕ್ಷಕಿಯಾಗಿ ಸೇರಿ ಹತ್ತಾರು ವರ್ಷವಾಗಿದ್ದರೂ ಆಕೆ ಒಮ್ಮೆಯೂ ಅಸೆಂಬ್ಲಿಯಲ್ಲಿ ಮೈಕ್ ಹಿಡಿದಿರಲಿಲ್ಲ. ಭಾಷಣ ಬರೆದುಕೊಡುವುದು, ಮಕ್ಕಳಿಗೆ ಅಭ್ಯಾಸ ಮಾಡಿಸುವುದು, ಆಮೇಲೆ ಕಂಬದ ಪಕ್ಕ ನಿಂತು ತುಟಿಯಲ್ಲೇ ಜೊತೆಗೂಡುವುದು, ಅಷ್ಟೇ.

ಮಾನ್ವಿಯಲ್ಲಿ ಬೆಳೆದ ಆಕೆ ಹೈದರಾಬಾದಿಗೆ ಬಂದದ್ದು ಮದುವೆಯಾದ ಮೇಲೆ. ಗಂಡ ಜಯತೀರ್ಥ ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ನೌಕರ. ಕೊರೋನಾ ವರ್ಷದ ಅಕ್ಟೋಬರ್ ಮಳೆಗೆ ಅವರು ಬಾಡಿಗೆಗಿದ್ದ ನೆಲಮಹಡಿಯ ಮನೆಯೊಳಗೆ ಸೊಂಟದವರೆಗೆ ನೀರು ನುಗ್ಗಿತ್ತು. ಕುಕ್ಕರು, ಹಾಸಿಗೆ, ಮಗನ ಪುಸ್ತಕ ಎಲ್ಲವನ್ನೂ ಬಿಟ್ಟು ಮಾಳಿಗೆ ಹತ್ತಿದ್ದರು. ಆ ಬಡಾವಣೆ ಎದ್ದದ್ದು ಮುಚ್ಚಿಹೋದ ಹಳೆಯ ಕುಂಟೆಯ, ಅಂದರೆ ಸಣ್ಣ ಕೆರೆಯ, ಮೇಲೆ ಎಂದು ಅಂದು ಮಾಳಿಗೆಯ ಮೇಲೆ ನಿಂತಿದ್ದ ಮುದುಕರೊಬ್ಬರು ಹೇಳಿದ್ದರು. ಶೋಭಾ ಕೆರೆ, ಜೌಗುನೆಲಗಳ ಬಗ್ಗೆ ಓದಲು ಶುರುಮಾಡಿದ್ದು ಆಮೇಲೆಯೇ.

ಶಾಲೆಯ ಹಿಂದೆಯೂ ಅಂಥದೇ ಒಂದು ತಗ್ಗು ಇತ್ತು. ಮೇಲಿನ ಕೆರೆ ತುಂಬಿದಾಗ ಕೋಡಿಯ ನೀರು ಕಾಲುವೆ ಹಿಡಿದು ಬಂದು ಅಲ್ಲಿ ಹರಡಿಕೊಳ್ಳುತ್ತಿತ್ತು. ಆಮೇಲೆ ನಿಧಾನವಾಗಿ ಕೆಳಗಿನ ದೊಡ್ಡ ಕೆರೆಗೆ ಇಳಿಯುತ್ತಿತ್ತು. ಆಪು ಹುಲ್ಲು ಬೆಳೆದ, ಕೆಸರು ತುಂಬಿದ, ಸೊಳ್ಳೆ ಗುಂಯ್‌ಗುಡುವ ಜಾಗ. ಆ ಪ್ರವಾಹದ ಕೆಲವು ವರ್ಷಗಳ ಮೇಲೆ, ಒಂದು ಜನವರಿಯಲ್ಲಿ, ಶಾಲೆಯ ಆಡಳಿತ ನೋಡಿಕೊಳ್ಳುವ ಕರೆಸ್ಪಾಂಡೆಂಟ್ ವಿಜಯಕುಮಾರ ಸ್ಟಾಫ್ ಮೀಟಿಂಗಿನಲ್ಲಿ ಹೇಳಿದರು: ಬೇಸಿಗೆ ರಜೆಗೆ ಮುಂಚೆ ತಗ್ಗಿಗೆ ಮಣ್ಣು ಹೊಡೆಸಿ ಬಸ್ ನಿಲ್ಲಿಸುವ ಜಾಗ ಮಾಡೋಣ. ಬಸ್ಸುಗಳು ರಸ್ತೆಯಲ್ಲಿ ನಿಂತು ದಿನವೂ ಜಗಳ ಆಗುತ್ತಿದ್ದುದರಿಂದ ಎಲ್ಲರೂ ತಲೆಯಾಡಿಸಿದರು. ಶೋಭಾ ಕೈ ಎತ್ತಿ, "ಸರ್, ಮಳೆನೀರು..." ಎಂದರು. "ಪೈಪು ಹಾಕಿದರಾಯಿತು ಮೇಡಂ," ಎಂದು ಅವರು ಮುಂದಿನ ವಿಷಯಕ್ಕೆ ಹೋದರು.

ವಿಚಿತ್ರವೆಂದರೆ, ಅದೇ ವಾರ ಅವರೇ ಶೋಭಾರನ್ನು ಕರೆದು, ಫೆಬ್ರುವರಿ ಎರಡಕ್ಕೆ ವಿಶ್ವ ಜೌಗುನೆಲಗಳ ದಿನ ಅಂತೆ, ಅಸೆಂಬ್ಲಿಯಲ್ಲಿ ಒಳ್ಳೆಯ ಭಾಷಣ ಮಾಡಿಸಿ, ಪೋಷಕರೂ ಬರುತ್ತಾರೆ ಎಂದರು. ಶೋಭಾ ಒಂಬತ್ತನೇ ತರಗತಿಯ ಲಹರಿಯನ್ನು ಆರಿಸಿದರು. ಧಾರವಾಡ ಕಡೆಯ ಮನೆಯ ಹುಡುಗಿ, ದನಿ ಗಟ್ಟಿ. ಎರಡನೇ ದಿನದ ಅಭ್ಯಾಸದಲ್ಲಿ ಲಹರಿ ಹಾಳೆ ಕೆಳಗಿಟ್ಟು ಕೇಳಿದಳು:

"ಮ್ಯಾಮ್, ಎಲ್ಲೆಲ್ಲಿದೋ ಕೆರಿ ಹೆಸರು ಹೇಳಾಕತ್ತೀನಿ. ನಮ್ಮ ಸಾಲಿ ಹಿಂದಿಂದು ಯಾಕ ಬ್ಯಾಡ? ಅದನ್ನ ಮುಚ್ಚತಾರಂತಲ್ಲ. ನಾ ಹೇಳಲಾ?"

ಶೋಭಾ ಆ ಹಾಳೆಯನ್ನು ಎತ್ತಿಕೊಂಡರು. ಹುಡುಗಿಯ ಬಾಯಿಂದ ಆ ಮಾತು ಬಂದರೆ ಎಲ್ಲರ ಮನಸ್ಸಿಗೂ ತಟ್ಟುತ್ತದೆ, ಅದು ಗೊತ್ತು. ಆದರೆ ಆಮೇಲೆ ಬೈಸಿಕೊಳ್ಳುವವಳೂ ಅವಳೇ. "ಬ್ಯಾಡ ಪುಟ್ಟಿ. ನೀ ಹಾಳ್ಯಾಗ ಇದ್ದಷ್ಟು ಹೇಳು. ಅದನ್ನ ನಾ ನೋಡ್ಕೋತೀನಿ," ಎಂದರು.

ಅಸೆಂಬ್ಲಿಯ ಹಿಂದಿನ ರಾತ್ರಿ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಾ ಗಂಡನಿಗೆ ಹೇಳಿದರು, "ರೀ, ನಾಳೆ ಅಸೆಂಬ್ಲಿಯೊಳಗ ನಾನ ಮಾತಾಡಾಕಿ."

"ನೀನಾ?" ಜಯತೀರ್ಥ ನಕ್ಕೇಬಿಟ್ಟರು. ವಿಷಯ ಕೇಳಿದ ಮೇಲೆ ನಗು ನಿಂತಿತು. "ನೌಕರಿ ಹ್ವಾದ್ರ?"

"ಹ್ವಾದ್ರ ಬ್ಯಾರೆ ಸಾಲಿ ನೋಡೋಣ. ಆ ನೀರಾಗ ನಿಂತಿದ್ದು ನನಗಿನ್ನೂ ಮರ್ತಿಲ್ರಿ."

ಅವರು ತಟ್ಟೆ ಹಾಕಿಕೊಂಡು ಕೂತು, "ಸಿಟ್ಟಿಲೆ ಹೇಳಬ್ಯಾಡ ಮತ್ತ. ಸಮಾಧಾನದಿಂದ ಹೇಳು," ಎಂದರು.

ಮರುದಿನ ಲಹರಿ ಚೆನ್ನಾಗಿ ಮಾತಾಡಿದಳು. ಮಂಗೋಲಿಯಾ, ಸೈಬೀರಿಯಾ ಕಡೆಯಿಂದ ಚಳಿಗಾಲಕ್ಕೆ ಇಳಿದು ಬರುವ ಹಕ್ಕಿಗಳ ಬಗ್ಗೆ, ಹಿಮಾಲಯವನ್ನೇ ದಾಟುವ ಪಟ್ಟೆತಲೆಯ ಬಾತುಗಳ ಬಗ್ಗೆ ಹೇಳಿದಾಗ ಚಿಕ್ಕ ಮಕ್ಕಳು ಆಕಾಶ ನೋಡಿದರು. ಚಪ್ಪಾಳೆ ನಿಲ್ಲುವ ಮೊದಲೇ ಶೋಭಾ ಕಂಬ ಬಿಟ್ಟು ಬಂದು ಮೈಕ್ ತೆಗೆದುಕೊಂಡರು. ಕೈಯಲ್ಲಿ ಹಾಳೆ ಇರಲಿಲ್ಲ.

ಮಕ್ಕಳಿಗೆ ತಿಳಿಯುವ ತೆಲುಗು, ಇಂಗ್ಲಿಷ್ ಬೆರೆಸಿಯೇ ಹೇಳಿದರು. ನಮ್ಮ ಗೋಡೆಯ ಆಚೆ ಇರುವುದೂ ಜೌಗುನೆಲವೇ. ಜೋರು ಮಳೆ ಬಂದಾಗ ಅದು ಸ್ಪಂಜಿನ ಹಾಗೆ ನೀರು ಹಿಡಿದಿಟ್ಟುಕೊಂಡು, ಸ್ವಲ್ಪವನ್ನು ನೆಲಕ್ಕೆ ಇಂಗಿಸಿ, ಉಳಿದದ್ದನ್ನು ನಿಧಾನಕ್ಕೆ ಬಿಡುತ್ತದೆ. ಎಲ್ಲ ಪ್ರವಾಹವನ್ನೂ ಅದು ತಡೆಯಲಾರದು. ಆದರೆ ಅದನ್ನು ಮುಚ್ಚಿದರೆ ಅಷ್ಟೂ ನೀರು ಒಮ್ಮೆಗೇ ರಸ್ತೆಗೆ, ನಮ್ಮ ನರ್ಸರಿ ಕೋಣೆಗೆ, ಕೆಳಗಿನ ಕಾಲೋನಿಗೆ ಬರುತ್ತದೆ. ಪೈಪಿನಲ್ಲಿ ನೀರು ಓಡುತ್ತದೆ, ನಿಲ್ಲುವುದಿಲ್ಲ. ಈಗ ಅಲ್ಲಿ ಗದ್ದೆಗೊರವ, ಹಳದಿ ಸಿಪಿಲೆ ಹಕ್ಕಿಗಳು ಬಂದಿವೆ. ಅವಕ್ಕೆ ಆಳದ ನೀರು ಬೇಡ, ಕಾಲು ಮುಳುಗುವಷ್ಟು ನೀರು, ಹುಳ ಸಿಗುವ ಕೆಸರು ಬೇಕು. ತಿಂದು ಕೊಬ್ಬು ಕೂಡಿಸಿಕೊಂಡರೆ ಮಾತ್ರ ತಿರುಗಿ ಹೋಗುವ ಶಕ್ತಿ. "ನಾನೊಮ್ಮೆ ಮುಚ್ಚಿದ ಕುಂಟೆಯ ಮೇಲಿನ ಮನೆಯಲ್ಲಿದ್ದೆ," ಎಂದು ಆ ಮಳೆಯ ಕಥೆ ಹೇಳಿದರು. "ಸರ್, ದಯವಿಟ್ಟು ಇನ್ನೊಮ್ಮೆ ಯೋಚಿಸಿ."

ಚಪ್ಪಾಳೆ ಬರಲಿಲ್ಲ. ಯಾರೋ ಕೆಮ್ಮಿದರು. ವಿಜಯಕುಮಾರ ಕೈಗಡಿಯಾರ ನೋಡಿಕೊಂಡರು. ಮಕ್ಕಳು ಸಾಲಾಗಿ ತರಗತಿಗೆ ನಡೆದರು.

ಸ್ಟಾಫ್ ರೂಮಿನಲ್ಲಿ ಯಾರೂ ಆಕೆಯ ಪಕ್ಕ ಕೂರಲಿಲ್ಲ. ಊಟದ ಬೆಲ್ಲಿಗೆ ಮುಂಚೆ ಆಯಾ ಬಂದು, ಸರ್ ಕರೆಯುತ್ತಿದ್ದಾರೆ ಎಂದಳು. ಶೋಭಾ ಡಬ್ಬಿ, ಛತ್ರಿ ಎರಡನ್ನೂ ಚೀಲಕ್ಕೆ ಹಾಕಿಕೊಂಡೇ ಹೋದರು.

ವಿಜಯಕುಮಾರ ಬೀದರಿನವರು, ಎದುರಿಗೆ ಶೋಭಾ ಒಬ್ಬರೇ ಇದ್ದರೆ ಕನ್ನಡದಲ್ಲೇ ಮಾತು. "ಎಲ್ಲಾರ ಮುಂದ ನನ್ನ ನಿಲ್ಲಿಸಿಬಿಟ್ರಲ್ರಿ ಮೇಡಂ. ಮೊದಲ ನನಗ ಹೇಳಬೇಕಿತ್ತು."

"ಮೀಟಿಂಗಿನಾಗ ಹೇಳಾಕ ಹೋಗಿದ್ದೆ ಸರ್. ನೀವು ಪೈಪ್ ಅಂದ್ರಿ."

ಅವರು ಎದ್ದರು. "ನಡೀರಿ, ತೋರಸ್ರಿ."

ಹಿಂಬಾಗಿಲಿನಿಂದ ಇಬ್ಬರೂ ಹೋಗಿ ನಿಂತರು. ಶೋಭಾ ಕಾಲುವೆ ಬರುವ ದಿಕ್ಕು, ನೀರು ಹೊರಗೆ ಹೋಗುವ ಕಡೆ, ಹಿಂದಿನ ಮಳೆಗೆ ಗೋಡೆಯ ಮೇಲೆ ಉಳಿದ ಕಂದು ಗೆರೆ ತೋರಿಸಿದರು. ಕೆಸರಿನಲ್ಲಿ ಗೊರವವೊಂದು ಬಾಲ ಕುಣಿಸುತ್ತಾ ಹೆಕ್ಕುತ್ತಿತ್ತು. ವಿಜಯಕುಮಾರ ಅದನ್ನು ನೋಡಿದರೋ ಇಲ್ಲವೋ. ನೋಡಿದ್ದು ಆ ಗೆರೆಯನ್ನು.

"ಇಂಜಿನಿಯರನ್ನ ಕರಸ್ತೀನಿ. ನಿಮ್ಮ ಮಾತು ಖರೇನೋ ಸುಳ್ಳೋ ತಿಳೀಲಿ," ಎಂದರು. ಶೋಭಾರ ನೌಕರಿಯ ಬಗ್ಗೆ ಒಂದು ಮಾತೂ ಆಡಲಿಲ್ಲ.

ಮುಂದಿನ ಎರಡು ವಾರ ಶೋಭಾಗೆ ಸರಿಯಾಗಿ ಊಟ ಸೇರಲಿಲ್ಲ. ಆಮೇಲೊಂದು ಬೆಳಗ್ಗೆ ವಿಜಯಕುಮಾರ ಕಾರಿಡಾರಿನಲ್ಲೇ ತಡೆದರು. ಮುಖದಲ್ಲಿ ಸಿಟ್ಟಿರಲಿಲ್ಲ, ಬೆವರಿತ್ತು.

"ಮೇಡಂ, ಭಾಳ ದೊಡ್ಡ ಗಂಡಾಂತರ ತಪ್ತು. ಇಂಜಿನಿಯರ್ ಹೇಳಿದ್ರು, ಜಾಗ ನಮ್ಮದ ಆದ್ರೂ ಅದು ಕೆರಿ ತುಂಬಿದಾಗ ನೀರು ನಿಲ್ಲೂ ಗಡಿಯೊಳಗ ಬರ್ತದಂತ. ಮಣ್ಣು ಹಾಕಿದ್ರ ಸರಕಾರದ ನೋಟಿಸ್ ಬರ್ತಿತ್ತು, ಹಾಕಿದ್ದನ್ನ ತೆಗಸ್ತಿದ್ರು. ನಾ ಟಿಪ್ಪರ್‌ನವಗ ಬ್ಯಾಡಂದೀನಿ."

"ಬಸ್ಸು ಸರ್?"

"ಎರಡು ಪಾಳಿ ಮಾಡೂಣ. ಸಣ್ಣ ಮಕ್ಕಳನ್ನ ಅರ್ಧ ತಾಸು ಮೊದಲ ಕರಸೂದು, ಮೊದಲ ಬಿಡೂದು." ಹೋಗುತ್ತಾ ತಿರುಗಿ, "ಮುಂದಿನ ಸಲ ಮೀಟಿಂಗಿನಾಗ ಗಟ್ಟಿಯಾಗಿ ಹೇಳ್ರಿ," ಎಂದರು.

ಶೋಭಾ ಪ್ರಯೋಗಾಲಯದ ಬಾಗಿಲು ಹಾಕಿಕೊಂಡು ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಅಳು ಬಂತು, ನಗುವೂ ಬಂತು. ಗಂಡನಿಗೆ ಫೋನ್ ಮಾಡಿದರೆ ಅವರು, "ಹಂಗಾದ್ರ ಇವತ್ತರೆ ಹೊಟ್ಟಿ ತುಂಬ ಉಣ್ತಿಯಲ್ಲ?" ಎಂದರು.

ಸೆಪ್ಟೆಂಬರಿನಲ್ಲಿ ಮಳೆ ಹಿಡಿಯಿತು. ಶಾಲೆಗೆ ರಜೆ ಕೊಟ್ಟಿದ್ದರು. ಮಳೆ ನಿಂತ ಮರುದಿನ ಶೋಭಾ ಬೇಗ ಬಂದು ಹಿಂಬಾಗಿಲು ತೆರೆದರು. ತಗ್ಗು ಅಂಚಿನವರೆಗೂ ತುಂಬಿತ್ತು. ಕಂದು ನೀರು ತಣ್ಣಗೆ ನಿಂತು, ಆಚೆಯ ಕಾಲುವೆಯಲ್ಲಿ ಸಣ್ಣಗೆ ಇಳಿಯುತ್ತಿತ್ತು. ನರ್ಸರಿ ಕೋಣೆಯ ನೆಲಕ್ಕೆ ನೀರು ತಾಗಿರಲಿಲ್ಲ. ಕೆಳಗಿನ ಕಾಲೋನಿಯ ರಸ್ತೆಯಲ್ಲಿ ಪಾದ ಮುಳುಗುವಷ್ಟು ನೀರಿತ್ತಂತೆ, ಮನೆಗಳಿಗೆ ನುಗ್ಗಿರಲಿಲ್ಲ. ಆಯಾ ಚಹಾ ತಂದುಕೊಟ್ಟಳು. ಸಣ್ಣ ಮಕ್ಕಳ ಮೊದಲ ಬಸ್ಸು ಗೇಟಿನೊಳಗೆ ಬಂತು, ಶೋಭಾ ಲೋಟ ಕೆಳಗಿಟ್ಟು ಅವರನ್ನು ಇಳಿಸಿಕೊಳ್ಳಲು ಹೋದರು.