ನೋಡದೆ ಹಾಕಿದ ಟಿಕ್ಕು

ರಾಣೆಬೆನ್ನೂರಿನ ಬೀಜದ ಕಾರ್ಖಾನೆಯಲ್ಲಿ ನಾನು ಪ್ಯಾಕಿಂಗ್ ಯಂತ್ರದ ಮುಂದೆ ನಿಲ್ಲುವವಳು. ಯಂತ್ರವನ್ನು ನಡೆಸುವ ಪಿಎಲ್‌ಸಿ ಎಂಬ ಪುಟ್ಟ ಕಂಪ್ಯೂಟರಿಗೆ ಹೊಸ ಪ್ರೋಗ್ರಾಂ ಬರೆದವಳು ನಮ್ಮ ಓಣಿಯ ಅಜೀಮ. ಬರೆದವರೇ ಅದನ್ನು ಪರೀಕ್ಷೆ ಮಾಡುವಂತಿಲ್ಲ. ಅವಳ ಜೊತೆಗೇ ಕೆಲಸ ಕಲಿತ ಚನ್ನೇಶ ಹದಿನಾಲ್ಕು ಅಂಶಗಳ ಪಟ್ಟಿ ಹಿಡಿದು, ಒಂದೊಂದನ್ನೇ ನೋಡಿ ಟಿಕ್ ಹಾಕಬೇಕು. ಅವನ ಮೇಲೆ ಅವಳಿಗೆ ಒಡಹುಟ್ಟಿದವನಷ್ಟು ನಂಬಿಕೆ.

ಹದಿನಾಲ್ಕೂ ಟಿಕ್ ಬಿದ್ದು, ಕೆಳಗೆ ಅವನ ಸಹಿಯೂ ಆಗಿತ್ತು. ಆದರೂ ಬೀಜ ಸುರಿಯುವ ಮುನ್ನ ಅಜೀಮ ಖಾಲಿ ಯಂತ್ರವನ್ನು ಓಡಿಸಿ, ಚಿಕ್ಕಮ್ಮನೆಂದೇ ಕರೆಯುವ ನನಗೆ, "ಖಾಲಾ, ದೂರ ನಿಂತು ಆ ಬಾಗಲಾ ಒಂದೀಟು ತೆಗೀರಿ" ಎಂದಳು.

ಕೈ ಒಳಗೆ ಹೋಗದಂತೆ ಯಂತ್ರಕ್ಕಿರುವ ಬಾಗಿಲನ್ನು ತೆಗೆದೆ. ತೆಗೆದ ಕೂಡಲೇ ನಿಲ್ಲಬೇಕಾದ ಯಂತ್ರ ಓಡುತ್ತಲೇ ಇತ್ತು.

ಅಜೀಮ ಕೆಂಪು ಗುಂಡಿ ಒತ್ತಿ ನಿಲ್ಲಿಸಿ ಲ್ಯಾಪ್‌ಟಾಪ್ ನೋಡಿದಳು. ಬಾಗಿಲು ಮುಚ್ಚಿದೆ ಎಂದು ಯಂತ್ರವನ್ನು ನಂಬಿಸಲು ಚನ್ನೇಶ ಟ್ರಯಲ್ ದಿನ ಹಾಕಿದ್ದ 'ಫೋರ್ಸ್' ಎಂಬ ತಾತ್ಕಾಲಿಕ ಆದೇಶ ಹಾಗೇ ಇತ್ತು. ಪಟ್ಟಿಯಲ್ಲಿ 'ಎಲ್ಲ ಫೋರ್ಸ್ ತೆಗೆಯಲಾಗಿದೆ' ಎಂಬುದರ ಮುಂದೆ ಅವನದೇ ಟಿಕ್.

"ಇದನ್ನ ನೋಡಿದ್ಯೇನಣ್ಣಾ?" ಎಂದು ಪಕ್ಕದಲ್ಲಿದ್ದ ಚನ್ನೇಶನಿಗೆ ಆ ಟಿಕ್ ತೋರಿಸಿದಳು.

"ನೀ ಬರದದ್ದರಾಗ ನೋಡೂದೇನೈತಿ ಬಿಡವಾ" ಎಂದು ಚನ್ನೇಶ ನಕ್ಕ. ಅಷ್ಟರಲ್ಲಿ ಮ್ಯಾನೇಜರು ಬಂದು, "ಏನಾತು?" ಎಂದರು. ಚನ್ನೇಶನ ಮುಖ ಬದಲಾಯಿತು.

"ಪ್ರೋಗ್ರಾಂ ಅಕೀದ್ರಿ ಸರ. ಅಕೀನ್ನ ಕೇಳ್ರಿ."

ಅಜೀಮ ಲ್ಯಾಪ್‌ಟಾಪಿನತ್ತ ತಿರುಗಿದಳು. ಫೋರ್ಸ್ ತೆಗೆದು, ನನ್ನಿಂದ ಮತ್ತೆ ಬಾಗಿಲು ತೆಗೆಸಿದಳು. ಈ ಸಲ ಯಂತ್ರ ನಿಂತಿತು. ಬಳಿಕ ಖಾಲಿ ಪಟ್ಟಿಯೊಂದನ್ನು ಮ್ಯಾನೇಜರ ಕೈಗಿತ್ತಳು.

"ಹದಿನಾಲ್ಕೂ ಮೊದಲಿಂದ ನೋಡಬೇಕ್ರಿ ಸರ, ಬ್ಯಾರೆಯವರನ್ನ ಕಳಸ್ರಿ. ಇವರ ಸಹಿ ನಂಬಿ ನಮ್ಮ ಖಾಲಾನ ಕೈ ಇದರಾಗ ಇಡಸಂಗಿಲ್ಲ ನಾ."